ಪಾವತಿ ಯಶಸ್ವಿಯೂ ಅಲ್ಲ, ವಿಫಲವೂ ಅಲ್ಲ: ಆಗ ಆ್ಯಪ್ ಏನು ಮಾಡಬೇಕು?

ಪ್ರಶ್ನೆ: ಶಾಲಾ ಶುಲ್ಕದ ಆ್ಯಪ್‌ಗಾಗಿ, ‘ಪೋಷಕನಾಗಿ ನಾನು ಮಗುವಿನ ಕಂತನ್ನು ಫೋನಿನಲ್ಲೇ ಕಟ್ಟಿ ರಸೀದಿ ಪಡೆಯಬೇಕು’ ಎಂಬ ಯೂಸರ್ ಸ್ಟೋರಿ ಬರೆದಿದ್ದೇನೆ. ಪಾವತಿ ಯಶಸ್ವಿಯಾದರೆ ರಸೀದಿ, ವಿಫಲವಾದರೆ ದೋಷದ ಸಂದೇಶ ಎಂಬುದು ಸ್ವೀಕಾರ ಮಾನದಂಡ. ಇಷ್ಟು ಸಾಕೇ?

ಸಾಲದು. ಈ ಎರಡೇ ಸಾಲಿನ ಮಾನದಂಡ ನನ್ನ ಬಳಿಗೆ ಮತ್ತೆ ಮತ್ತೆ ಬರುತ್ತಿದೆ. ಪ್ರತಿ ಸಲವೂ ಬಿಟ್ಟುಹೋಗಿರುವುದು ಮೂರನೆಯ ಸ್ಥಿತಿಯೇ. ಪೋಷಕರ ಖಾತೆಯಿಂದ ಹಣ ಕಡಿತವಾಗಿರುತ್ತದೆ, ಆದರೆ ಪೇಮೆಂಟ್ ಗೇಟ್‌ವೇಯಿಂದ ಖಚಿತ ಉತ್ತರ ಬಂದಿರುವುದಿಲ್ಲ. ನಿಮ್ಮ ಮಾನದಂಡದಂತೆ ಕಟ್ಟಿದ ಆ್ಯಪ್ ಇದನ್ನು ವಿಫಲವೆಂದು ತೋರಿಸುತ್ತದೆ, ಗಾಬರಿಗೊಂಡ ಪೋಷಕರು ಮತ್ತೊಮ್ಮೆ ಕಟ್ಟುತ್ತಾರೆ, ಒಂದೇ ಕಂತಿಗೆ ಎರಡು ಸಲ ಹಣ ಹೋಗುತ್ತದೆ.

ಒಂದು ಪ್ರಸಂಗ ನೋಡೋಣ. ತಾಯಿ ಎರಡನೆಯ ಕಂತಿನ 12,000 ರೂಪಾಯಿಯನ್ನು ಕಟ್ಟುತ್ತಾರೆ; ಹಣ ಕಡಿತವಾದ ಕ್ಷಣದಲ್ಲೇ ಅವರ ಫೋನಿನ ನೆಟ್‌ವರ್ಕ್ ಕಡಿದುಹೋಗುತ್ತದೆ. ಇದಕ್ಕೆ ಮಾನದಂಡವನ್ನು ಹೀಗೆ ಬರೆಯಿರಿ:

```
ಕಂತು 2 ಬಾಕಿ ಇದ್ದು, ಪಾವತಿ ಆರಂಭವಾಗಿರುವಾಗ
ಗೇಟ್‌ವೇಯಿಂದ ಖಚಿತ ಉತ್ತರ ಬಾರದಿದ್ದರೆ
ಕಂತಿನ ಸ್ಥಿತಿ "ಪರಿಶೀಲನೆಯಲ್ಲಿದೆ" ಎಂದಾಗಬೇಕು
ಆ ಕಂತಿನ "ಪಾವತಿಸಿ" ಗುಂಡಿ ಕೆಲಸ ಮಾಡಬಾರದು
```

ಅದೇ ಹೊತ್ತಿಗೆ ತಂದೆ ತಮ್ಮ ಫೋನಿನಲ್ಲಿ ಆ್ಯಪ್ ತೆರೆದರೂ ಇದೇ ಸ್ಥಿತಿ ಕಾಣಬೇಕು. ಏಕೆಂದರೆ ತಡೆ ಇರಬೇಕಾದದ್ದು ಫೋನಿನ ಪರದೆಯ ಮೇಲಲ್ಲ, ಸರ್ವರ್‌ನಲ್ಲಿರುವ ಕಂತಿನ ಮೇಲೆ. ರಸೀದಿಯನ್ನು ಪೋಷಕರ ಪರದೆ ‘ಯಶಸ್ವಿ’ ಪುಟಕ್ಕೆ ಮರಳಿತೆಂಬ ಕಾರಣಕ್ಕೆ ಕೊಡಬಾರದು. ಗೇಟ್‌ವೇ ನೇರವಾಗಿ ಶಾಲೆಯ ಸರ್ವರ್‌ಗೆ ದೃಢೀಕರಿಸಿ, ಮೊತ್ತವೂ 12,000 ಎಂದು ತಾಳೆಯಾದ ಮೇಲೆಯೇ ಕೊಡಬೇಕು. ಗೇಟ್‌ವೇಗಳು ಒಂದೇ ದೃಢೀಕರಣದ ಸೂಚನೆಯನ್ನು ಎರಡು ಬಾರಿ ಕಳುಹಿಸುವುದುಂಟು. ಆಗಲೂ ರಸೀದಿ ಒಂದೇ ಇರಬೇಕೆಂಬುದು ಪ್ರತ್ಯೇಕ ಸಾಲಾಗಿರಲಿ. ಉತ್ತರ ಬಾರದೇ ಇದ್ದರೆ ಸರ್ವರ್ ತಾನೇ ಗೇಟ್‌ವೇಯನ್ನು ವಿಚಾರಿಸಬೇಕು, ವಿಫಲವೆಂದು ಖಚಿತವಾದರೆ ಮಾತ್ರ ಗುಂಡಿ ಮತ್ತೆ ತೆರೆಯಬೇಕು, ಗಡುವು ಮೀರಿದರೂ ತೀರ್ಮಾನವಾಗದ ಪಾವತಿ ಶಾಲೆಯ ಲೆಕ್ಕಿಗರ ಪಟ್ಟಿಗೆ ಸೇರಬೇಕು. ಆ ಗಡುವು ಎಷ್ಟೆಂಬುದನ್ನು ಲೆಕ್ಕಿಗರನ್ನು ಕೇಳಿ, ಗೇಟ್‌ವೇಯ ನಿಯಮ ನೋಡಿ ಅಂಕಿಯಲ್ಲೇ ಬರೆಯಿರಿ. ‘ಸ್ವಲ್ಪ ಹೊತ್ತು’ ಎಂಬುದನ್ನು ಯಾವ ಪರೀಕ್ಷಕರೂ ಪರೀಕ್ಷಿಸಲಾರರು.

ಪರೀಕ್ಷಕರು ಗೇಟ್‌ವೇಯ ಪರೀಕ್ಷಾ ಆವೃತ್ತಿಯಲ್ಲಿ ಸೂಚನೆಯನ್ನು ತಡೆಹಿಡಿದು, ತಡವಾಗಿ ಬಿಟ್ಟು, ಎರಡು ಬಾರಿ ಕಳುಹಿಸಿ ನೋಡಲಿ. ಮೂರರಲ್ಲೂ ರಸೀದಿಗಳನ್ನೂ ಖಾತೆಯ ನಮೂದುಗಳನ್ನೂ ಎಣಿಸಿದರೆ ತಪ್ಪು ತಾನಾಗಿಯೇ ಹೊರಬೀಳುತ್ತದೆ.

ಪ್ರಶ್ನೆ: ‘ಆ್ಯಪ್ ಸುಲಭವಾಗಿಯೂ ವೇಗವಾಗಿಯೂ ಇರಬೇಕು’ ಎಂದು ಮಾನದಂಡದಲ್ಲಿ ಬರೆಯಬಹುದೇ?

ಬರೆಯಬಾರದು, ಅದು ಹಾರೈಕೆ.

ಪ್ರಶ್ನೆ: ಪ್ರತಿ ಸ್ಟೋರಿಗೂ ಐದೇ ಮಾನದಂಡ ಇರಬೇಕೆಂದು ತರಬೇತಿಯಲ್ಲಿ ಹೇಳಿದರು. ನಿಜವೇ?

ಅಂಥ ನಿಯಮ ಎಲ್ಲೂ ಇಲ್ಲ. ಸಿದ್ಧ ಮಾದರಿ ಮಾರುವವರಿಗೆ ಎಣಿಕೆ ಅನುಕೂಲ, ಅಷ್ಟೇ. ಪಟ್ಟಿ ತೀರಾ ಬೆಳೆದರೆ ಮಾನದಂಡವನ್ನು ಅಳಿಸಬೇಡಿ, ಸ್ಟೋರಿಯನ್ನು ಒಡೆಯಿರಿ: ಮೇಲಿನ ಪ್ರಸಂಗದಲ್ಲಿ ಲೆಕ್ಕಿಗರ ಪಟ್ಟಿ ಬೇರೆಯೇ ಸ್ಟೋರಿಯಾಗಬೇಕು, ಏಕೆಂದರೆ ಅದನ್ನು ಬಳಸುವವರು ಪೋಷಕರಲ್ಲ.