ದಿನದ ಲೆಕ್ಕ ಬೇರೆ, ವಾರದ ಲೆಕ್ಕ ಬೇರೆ

“ವರ್ಷಕ್ಕೊಂದು ಗುರಿ ಇಟ್ಟುಕೊಳ್ಳುತ್ತೇನೆ. ದಿನಾ ಲೆಕ್ಕ ನೋಡಿದರೆ ಟೆನ್ಶನ್, ನೋಡದಿದ್ದರೆ ಮರೆತೇ ಹೋಗುತ್ತದೆ. ಹೇಗೆ ಭಾಗ ಮಾಡಿಕೊಳ್ಳಲಿ?” ಎಂದು ಕೇಳಿದ್ದೀರಿ.

ನಾನು ಗದಗ-ಬೆಟಗೇರಿಯಲ್ಲಿ ಮನೆಯಲ್ಲೇ ಹೊಲಿಗೆ ಮಾಡುತ್ತೇನೆ. ಅಂಗಡಿಯ ಅಡ್ವಾನ್ಸ್‌ಗೆ ಒಂದು ವರ್ಷದಲ್ಲಿ 48,000 ಕೂಡಿಡಬೇಕಿತ್ತು. ಮೊದಲು ಹನ್ನೆರಡರಿಂದ ಭಾಗಿಸಿ ತಿಂಗಳಿಗೆ 4,000 ಎಂದು ಬರೆದೆ. ಅದೇ ತಪ್ಪು. ಆಷಾಢದಲ್ಲಿ ಮದುವೆಯಿಲ್ಲ, ಯಾರು ಜಂಪರ್ ಹೊಲಿಸುತ್ತಾರೆ?

ಮತ್ತೆ ಕೂತು ಸೀಸನ್ ನೋಡಿ ಹಂಚಿದೆ. ಫೆಬ್ರವರಿಯಿಂದ ಮೇವರೆಗೆ ತಿಂಗಳಿಗೆ 6,000. ದಸರಾ-ದೀಪಾವಳಿಯ ಎರಡು ತಿಂಗಳು 5,000. ಆಷಾಢಕ್ಕೆ ಬರೀ 1,000. ಉಳಿದ ಐದು ತಿಂಗಳು 2,600.

ಒಂದು ಜಂಪರ್‌ಗೆ 100 ರೂಪಾಯಿ ಎತ್ತಿಡುತ್ತಿದ್ದೆ. ಅಂದರೆ ಮದುವೆ ಸೀಸನ್‌ನಲ್ಲಿ ವಾರಕ್ಕೆ 15 ಜಂಪರ್. ಐದು ದಿನ, ದಿನಕ್ಕೆ ಮೂರು. ಆರನೇ ದಿನ ಖಾಲಿ ಬಿಟ್ಟೆ, ಕರೆಂಟ್ ಹೋದ ದಿನದ ಬಾಕಿಗೆ.

ದಿನಾ ದುಡ್ಡು ಎಣಿಸಲಿಲ್ಲ. ಹೊಲಿದು ಮುಗಿದದ್ದಕ್ಕೆ ಗೋಡೆಯ ಕ್ಯಾಲೆಂಡರ್ ಮೇಲೆ ಒಂದೊಂದು ಗೀಟು, ಅಷ್ಟೇ. ದುಡ್ಡು ಭಾನುವಾರ ಸಂಜೆ ಮಾತ್ರ. ಅದೂ ಕೈಗೆ ಬಂದದ್ದಷ್ಟೇ.

ಇವೆರಡನ್ನೂ ಬೇರೆ ಇಟ್ಟದ್ದು ಎಷ್ಟು ಉಪಯೋಗಕ್ಕೆ ಬಂತೆಂದರೆ, ಏಪ್ರಿಲ್‌ನ ಒಂದು ವಾರ 16 ಗೀಟು ಇದ್ದವು, ದುಡ್ಡು ಮಾತ್ರ 900. ದಿನದ ಲೆಕ್ಕ ತುಂಬಿದೆ, ವಾರದ್ದು ತುಂಬಿಲ್ಲ. ಹಾಗಾದರೆ ಕೊರತೆ ನನ್ನ ದುಡಿಮೆಯಲ್ಲಿಲ್ಲ, ಉದ್ರಿಯಲ್ಲಿದೆ. ಏಳು ಜಂಪರ್ ಒಂದೇ ಮದುವೆ ಮನೆಯವು, “ಲಗ್ನ ಮುಗೀಲಿ ಅಕ್ಕಾ, ಕೊಡ್ತೀವಿ” ಎಂದಿದ್ದರು. ಅಂದಿನಿಂದ ಗಿರಾಕಿ ಹೊಲಿಯಲು ಬಟ್ಟೆ ಕೊಡುವಾಗಲೇ ಅರ್ಧ ದುಡ್ಡು ಕೇಳತೊಡಗಿದೆ. ಸುಮ್ನೆ ದಿನಕ್ಕೆ ನಾಲ್ಕು ಹೊಲಿಯಲು ಹೋಗಿದ್ದರೆ ಉದ್ರಿ ಇನ್ನೂ ಜಾಸ್ತಿ ಆಗುತ್ತಿತ್ತು, ಅಲ್ವಾ?

ಇನ್ನೊಂದು ಮಾತು. ದಿನದ ಬಾಕಿಯನ್ನು ನಾಳೆಗೆ ಕೂಡಿಸಬೇಡಿ. ಜ್ವರ ಬಂದು ಎರಡು ದಿನ ಮಲಗಿದ್ದೆ. ಮೂರನೇ ದಿನ ಒಂಬತ್ತನ್ನೂ ಮುಗಿಸುತ್ತೇನೆಂದು ಕೂತು, ಒಂದರ ತೋಳು ಇನ್ನೊಂದಕ್ಕೆ ಜೋಡಿಸಿದೆ. ಬಿಚ್ಚುವುದಕ್ಕೇ ಅರ್ಧ ದಿನ ಹೋಯಿತು! ಈಗ ಕ್ಯಾಲೆಂಡರ್‌ನ ಖಾಲಿ ಮನೆ ಖಾಲಿಯೇ ಇರುತ್ತದೆ. ಆರನೇ ದಿನ ಆದಷ್ಟು ತುಂಬಿಸುತ್ತೇನೆ, ಉಳಿದದ್ದು ತಿಂಗಳ ಲೆಕ್ಕಕ್ಕೆ.

ತಿಂಗಳ ಕೊನೆಯ ದಿನ ಮಾತ್ರ ಮುಂದಿನ ಅಂಕಿ ಬದಲಿಸುತ್ತಿದ್ದೆ. ಮೇ ಮುಗಿದಾಗ 26,600 ಇರಬೇಕಿತ್ತು, 24,600 ಇತ್ತು. ಆ 2,000ವನ್ನು ಜೂನ್ ತಲೆಗೆ ಕಟ್ಟಲಿಲ್ಲ. ದಸರಾ-ದೀಪಾವಳಿಯ ತಿಂಗಳುಗಳಿಗೆ ಸಾವಿರ ಸಾವಿರ ಸೇರಿಸಿ ಬರೆದೆ.

ಡಿಸೆಂಬರ್ ಕೊನೆಗೆ 47,100 ಆಗಿತ್ತು. ಉಳಿದ 900 ಸಂಕ್ರಾಂತಿಯ ವಾರ ಬಂತು. ನಿಮ್ಮ ಗುರಿ ಓದೋ, ದುಡ್ಡೋ ಬರೆದಿಲ್ಲ. ಯಾವುದೇ ಇರಲಿ, ದಿನದ ಗೀಟಿಗೆ ನಿಮ್ಮ ಕೈಯಲ್ಲಿರುವ ಕೆಲಸವನ್ನೇ ಆರಿಸಿ. ಗಿರಾಕಿ ದುಡ್ಡು ಕೊಡುವುದು ನನ್ನ ಕೈಯಲ್ಲಿರಲಿಲ್ಲ, ಅದಕ್ಕೇ ಅದು ಭಾನುವಾರಕ್ಕೆ ಹೋಯಿತು.