ಉಂಡ ಮನೆಯ ಜಂತೆ: ಒಂದು ಮನವಿ ಪತ್ರದ ಹಿಂದಿನ ಪ್ರಕರಣ

(ಗುರುತು ಸಿಗದಂತೆ ಹೆಸರು, ಊರು, ಕುಟುಂಬದ ವಿವರ ಬದಲಿಸಿದ್ದೇನೆ. ಪಗಾರದ ಅಂಕಿಗಳನ್ನು ಲೆಕ್ಕಕ್ಕೆ ಸುಲಭವಾಗಲೆಂದು ದುಂಡು ಮಾಡಿದ್ದೇನೆ.)

ಅವರನ್ನು ಬಸಪ್ಪ ಅನ್ನೋಣ. ವಯಸ್ಸು ಮೂವತ್ತೆಂಟು, ಬೆಳಗಾವಿಯ ಉದ್ಯಮಬಾಗ ಕಡೆಯ ಒಂದು ಫೌಂಡ್ರಿಯಲ್ಲಿ ಹದಿಮೂರು ವರ್ಷದಿಂದ ಫರ್ನೇಸ್ ವಿಭಾಗದ ಕೆಲಸ. ಸಲಹೆಗೆಂದು ನನ್ನ ಹತ್ತಿರ ಬಂದದ್ದು ಹೆಂಡತಿಯ ಒತ್ತಾಯಕ್ಕೆ. ನಿದ್ದೆ ಇಲ್ಲ, ಮಕ್ಕಳ ಮೇಲೆ ರೇಗಾಟ, ಊಟಕ್ಕೆ ಕುಂತರೆ ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ ತೂಕಡಿಕೆ. "ಇವ್ರಿಗೆ ತಲಿ ಕೆಟ್ಟೈತೇನ್ರಿ?" ಅಂತ ಆಕೆ ನೇರವಾಗಿಯೇ ಕೇಳಿದರು.

ನಿದ್ದೆಯ ದೂರು ಬಂದಾಗ ನಾನು ಮೊದಲು ಕೇಳುವುದು ಮನಸ್ಸಿನ ಕಥೆಯನ್ನಲ್ಲ, ವೇಳೆಯ ಲೆಕ್ಕವನ್ನು. ಒಂದು ಇನ್ನೂರು ಪುಟದ ನೋಟ್‌ಬುಕ್ ಕೊಟ್ಟು ಇಪ್ಪತ್ತೆಂಟು ದಿನ ಮೂರೇ ವಿಷಯ ಬರೆಯಲು ಹೇಳಿದೆ: ಗೇಟಿನ ಒಳಗೆ ಹೋದದ್ದು ಎಷ್ಟಕ್ಕೆ, ಹೊರಗೆ ಬಂದದ್ದು ಎಷ್ಟಕ್ಕೆ, ಮಲಗಿದ್ದು ಎಷ್ಟು ತಾಸು. ಬರಹ ಕಡಿಮೆ ಇದ್ದವರೂ ಇದನ್ನು ಬರೆಯುತ್ತಾರೆ. ಮುಂದೆ ಇಡೀ ಪ್ರಕರಣ ನಿಂತದ್ದು ಈ ನೋಟ್‌ಬುಕ್ಕಿನ ಮೇಲೆಯೇ.

ಪುಟ ತಿರುವಿದಾಗ ಕಂಡದ್ದು ಹೀಗೆ. ಕಾರ್ಖಾನೆಯಲ್ಲಿ ಮೂರು ಪಾಳಿ: ಬೆಳಗ್ಗೆ 6ರಿಂದ 2, 2ರಿಂದ ರಾತ್ರಿ 10, 10ರಿಂದ ಬೆಳಗ್ಗೆ 6. ರಿಲೀವರ್ ಬರದಿದ್ದರೆ ಇದ್ದವರನ್ನೇ ನಾಲ್ಕು ತಾಸು ಹಿಡಿದಿಟ್ಟುಕೊಳ್ಳುತ್ತಿದ್ದರು. ಒಂದು ಗುರುವಾರ ಬಸಪ್ಪ ಮಧ್ಯಾಹ್ನ 2ಕ್ಕೆ ಹೋದವರು ನಸುಕಿನ 2ಕ್ಕೆ ಹೊರಬಿದ್ದಿದ್ದಾರೆ. ಶುಕ್ರವಾರ ಬೆಳಗ್ಗೆ 6ಕ್ಕೆ ಮತ್ತೆ ಡ್ಯೂಟಿ. ನಡುವೆ ನಾಲ್ಕು ತಾಸು. ಮನೆಗೆ ಬೈಕಿನ ಮೇಲೆ ನಲವತ್ತು ನಿಮಿಷ, ವಾಪಸ್ಸಿಗೆ ನಲವತ್ತು. ಆ ದಿನದ ನಿದ್ದೆಯ ಕಾಲಂನಲ್ಲಿ "2" ಎಂದಿತ್ತು. ಇಂಥ ದಿನಗಳು ತಿಂಗಳಲ್ಲಿ ಏಳು. ಒಟ್ಟು ಓವರ್‌ಟೈಮ್, ಅಂದರೆ ಓಟಿ, 34 ತಾಸು. ಯಾವ ದಿನ ಯಾರನ್ನು ನಿಲ್ಲಿಸುತ್ತಾರೆ ಅನ್ನುವುದು ಗೊತ್ತಾಗುತ್ತಿದ್ದದ್ದು ಪಾಳಿ ಮುಗಿಯುವ ಅರ್ಧ ತಾಸು ಮೊದಲು, ಸೂಪರ್‌ವೈಸರ್ ಬಾಯಿಂದ. ನಾಳಿನ ಪಾಳಿ ಗೊತ್ತಾಗುತ್ತಿದ್ದದ್ದು ರಾತ್ರಿ ಒಂಬತ್ತರ ವಾಟ್ಸ್ಯಾಪ್ ಮೆಸೇಜಿನಿಂದ.

ತಲೆ ಕೆಟ್ಟಿರಲಿಲ್ಲ, ವೇಳಾಪಟ್ಟಿ ಕೆಟ್ಟಿತ್ತು. ಇದನ್ನು ಅವರ ಹೆಂಡತಿಯ ಎದುರೇ ಹೇಳಿದೆ.

ಆದರೂ ಬಸಪ್ಪ ಬಾಯಿ ಬಿಡಲು ತಯಾರಿರಲಿಲ್ಲ. ಎರಡನೇ ಭೇಟಿಯಲ್ಲಿ ಕಾರಣ ಹೊರಬಂತು. "ಅಕ್ಕಾರ, ಉಂಡ ಮನಿ ಜಂತಿ ಎಣಸಬಾರ್ದು ಅಂತಾರ. ನಮ್ಮ ತಂಗಿ ಮದಿವಿಗೆ ರೊಕ್ಕ ಕೊಟ್ಟಾವ್ರು ಅವ್ರು. ಅವ್ರ ಮುಂದ ನಿಂತು ತಾಸಿನ ಲೆಕ್ಕ ಹ್ಯಾಂಗ ಕೇಳ್ಲಿ?" ಈ ಭಾಗದ ಸಣ್ಣ ಕಾರ್ಖಾನೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವ ಗಂಟು ಇದು. ಮಾಲೀಕರು ಕೆಟ್ಟವರಾಗಿದ್ದರೆ ಜಗಳ ಸಲೀಸು. ಒಳ್ಳೆಯವರಾಗಿದ್ದರೆ ಆಳಿನ ಬಾಯಿ ಕಟ್ಟುತ್ತದೆ, ಸಿಟ್ಟು ಮನೆಗೆ ಬಂದು ಮಕ್ಕಳ ಮೇಲೆ ಬೀಳುತ್ತದೆ.

ಪಗಾರ ಸ್ಲಿಪ್ ತರಲು ಹೇಳಿದೆ. ಮದುವೆಗೆ ಕೊಟ್ಟದ್ದು ಮುಂಗಡ. ತಿಂಗಳಿಗೆ ಸಾವಿರ ರೂಪಾಯಿಯಂತೆ ಕಡಿತವಾಗುತ್ತಾ ಹೊರಟಿತ್ತು. "ಇದು ಉಪಕಾರವೇ, ಅಲ್ಲ ಅನ್ನುವುದಿಲ್ಲ. ಆದರೆ ಅದರ ಸಾಲು ಇಲ್ಲಿದೆ, ಓಟಿಯ ಸಾಲು ಅಲ್ಲಿದೆ. ಒಂದೇ ಕಾಗದದ ಮೇಲೇ ಅವರೇ ಎರಡು ಸಾಲು ಮಾಡಿದ್ದಾರೆ. ನೀವೇಕೆ ಒಂದು ಮಾಡುತ್ತೀರಿ?" ಅಂದೆ. ಬಹಳ ಹೊತ್ತು ಸ್ಲಿಪ್ಪನ್ನೇ ನೋಡುತ್ತಾ ಕುಂತರು.

ಅವರನ್ನು ನಿಜವಾಗಿ ಅಲುಗಿಸಿದ್ದು ಮಾತ್ರ ನನ್ನ ಮಾತಲ್ಲ. ಮುಂದಿನ ವಾರ ಬಂದಾಗ ಕೈ ನಡುಗುತ್ತಿತ್ತು. ಕರಗಿದ ಕಬ್ಬಿಣ ಹೊಯ್ಯುವ ಲ್ಯಾಡಲ್ ಅನ್ನು ಮೊದಲು ಬರ್ನರ್ ಹಚ್ಚಿ ಚೆನ್ನಾಗಿ ಕಾಯಿಸಬೇಕು. ಒಳಗಿನ ಲೈನಿಂಗಿನಲ್ಲಿ ತೇವ ಉಳಿದಿದ್ದರೆ ಲೋಹ ಬಿದ್ದ ಕ್ಷಣವೇ ಅದು ಉಗಿಯಾಗಿ ಸಿಡಿಯುತ್ತದೆ, ಕಾದ ಕಬ್ಬಿಣ ಸುತ್ತ ನಿಂತವರ ಮೈಮೇಲೆ ಹಾರುತ್ತದೆ. ಹದಿಮೂರು ವರ್ಷ ತಪ್ಪದ ಕೈ ಅಂದು ಹೊಸ ಲೈನಿಂಗಿನ ಲ್ಯಾಡಲ್ ಅನ್ನು ಹಾಗೇ ಫರ್ನೇಸಿನ ಬಾಯಿಗೆ ತಂದು ಹಿಡಿದಿತ್ತು. "ಅಣ್ಣಾ, ಲ್ಯಾಡಲ್ ಕಾಸಿಲ್ಲೋ!" ಅಂತ ಹೆಲ್ಪರ್ ಹುಡುಗ ಕೂಗಿದ್ದಕ್ಕೆ ಉಳಿದುಕೊಂಡರು. ಅದು ಹನ್ನೊಂದನೆಯ ತಾಸಿನ ಕೆಲಸ.

"ಈಗ ಇದು ನಿಮ್ಮ ನಿದ್ದೆಯ ಮಾತಲ್ಲ, ಆ ಹುಡುಗನ ಜೀವದ ಮಾತು," ಅಂದೆ. ಮರುವಾರ ಒಬ್ಬರಲ್ಲ, ಒಂಬತ್ತು ಜನ ಬಂದರು. ನನ್ನ ಕೋಣೆಯಲ್ಲಿ ಇರುವುದು ನಾಲ್ಕು ಕುರ್ಚಿ. ಉಳಿದವರು ಚಾಪೆಯ ಮೇಲೆ. ಅವರಲ್ಲಿ ಮೂವರು ಮನೆಯಲ್ಲಿ ಮರಾಠಿ ಆಡುವವರು. ಪತ್ರ ಕನ್ನಡದಲ್ಲಿ, ಆದರೆ ಸಹಿ ಮಾಡುವ ಮೊದಲು ಪ್ರತಿ ಸಾಲನ್ನೂ ಮರಾಠಿಯಲ್ಲಿ ಓದಿ ಹೇಳಬೇಕು ಎಂದು ಮೊದಲೇ ಗೊತ್ತುಮಾಡಿದೆವು. ತಿಳಿಯದೆ ಸಹಿ ಹಾಕಿದವನು ವಿಚಾರಣೆಗೆ ಕರೆದಾಗ ಮೊದಲು ಹಿಂದೆ ಸರಿಯುತ್ತಾನೆ.

ಅವರು ಬರೆದುಕೊಂಡು ಬಂದ ಮೊದಲ ಕರಡಿನಲ್ಲಿ ಹನ್ನೊಂದು ಬೇಡಿಕೆಗಳಿದ್ದವು: ಕ್ಯಾಂಟೀನ್ ಚಹಾದಿಂದ ದೀಪಾವಳಿ ಬೋನಸ್‌ವರೆಗೆ. "ನಮ್ಮ ರಕ್ತ ಹೀರುತ್ತಿದ್ದೀರಿ" ಅನ್ನುವ ಮಾತಿತ್ತು. ಕೊನೆಗೆ "ಇಲ್ಲದಿದ್ದರೆ ಸೋಮವಾರದಿಂದ ಕೆಲಸ ಬಂದ್". ಬಂದ್ ಸಾಲನ್ನು ಮೊದಲು ಹೊಡೆಯಿಸಿದೆ. ಮುಷ್ಕರಕ್ಕೆ ಕಾನೂನಿನಲ್ಲಿ ಬೇರೆಯೇ ನೋಟಿಸು, ಬೇರೆಯೇ ವಿಧಾನ ಇದೆ. ಮನವಿಯಲ್ಲಿ ಅದನ್ನು ತುರುಕಿದರೆ ಮ್ಯಾನೇಜರ್ ಉಳಿದದ್ದೆಲ್ಲ ಬಿಟ್ಟು ಅದೊಂದಕ್ಕೇ ಉತ್ತರ ಕೊಡುತ್ತಾರೆ. ಬೇಡಿಕೆ ಎರಡಕ್ಕೆ ಇಳಿಯಿತು, ಪಾಳಿ ಮತ್ತು ಓಟಿ ದರ. ಚಹಾ ಬಿಡುವುದು ಅವರಿಗೆ ಬೋನಸ್ ಬಿಡುವುದಕ್ಕಿಂತ ಕಷ್ಟವಾಯಿತು!

ಓಟಿ ದರದ ಮಾತು ಸ್ವಲ್ಪ ಸೂಕ್ಷ್ಮ. "ನಮಗ ಡಬಲ್ ಕೊಡ್ತಾರ್ರಿ, ಅದ್ರಾಗ ಮೋಸ ಇಲ್ಲ" ಅಂತ ಎಲ್ಲರೂ ನಂಬಿದ್ದರು. ಸ್ಲಿಪ್ ನೋಡಿ: ಬೇಸಿಕ್ 10,400, ತುಟ್ಟಿಭತ್ಯೆ 5,200, ಒಟ್ಟು 15,600. ಇಪ್ಪತ್ತಾರು ದಿನಕ್ಕೆ ಭಾಗಿಸಿದರೆ ದಿನಕ್ಕೆ 600, ತಾಸಿಗೆ 75, ಅದರ ಎರಡರಷ್ಟು 150. ಸ್ಲಿಪ್ಪಿನಲ್ಲಿ ಕೊಟ್ಟದ್ದು ತಾಸಿಗೆ 100. ಡಬಲ್ ಮಾಡಿದ್ದು ನಿಜ, ಆದರೆ ಬೇಸಿಕ್ ಒಂದನ್ನೇ. 1948ರ ಕಾರ್ಖಾನೆ ಕಾಯ್ದೆಯ 59ನೇ ಕಲಂ ಎರಡರಷ್ಟು ಅನ್ನುತ್ತಿದ್ದದ್ದು ಬೇಸಿಕ್ ಜೊತೆ ಭತ್ಯೆಗಳೂ ಸೇರಿದ ದರಕ್ಕೆ. ಬೋನಸ್ ಮಾತ್ರ ಅದರಲ್ಲಿ ಸೇರುತ್ತಿರಲಿಲ್ಲ. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲೂ ಎರಡರಷ್ಟು ಅನ್ನುವುದು ಉಳಿದಿದೆ, ವೇತನದ ಲೆಕ್ಕದಲ್ಲಿ ತುಟ್ಟಿಭತ್ಯೆಯೂ ಉಳಿದಿದೆ. ಬಸಪ್ಪನವರ 34 ತಾಸಿಗೆ ಒಂದೇ ತಿಂಗಳಲ್ಲಿ 1,700 ರೂಪಾಯಿ ಕಡಿಮೆ ಬಂದಿತ್ತು.

ಇದನ್ನು "ಮೋಸ" ಎಂದು ಬರೆಯಬೇಕೆಂದು ಕಿರಿಯರಿಬ್ಬರು ಹಟ ಹಿಡಿದರು. ಬೇಡ ಅಂದೆ. ಲೆಕ್ಕ ಬರೆಯುವವರು ಸಾಫ್ಟ್‌ವೇರಿನಲ್ಲಿ ಒಂದು ಸಾಲು ತಪ್ಪಾಗಿ ಹಾಕಿರಬಹುದು. ಮೋಸವೋ ತಪ್ಪೋ ಅನ್ನುವುದು ನಮಗೆ ಗೊತ್ತಿಲ್ಲ, ಕೊರತೆ ಎಷ್ಟು ಅನ್ನುವುದು ಗೊತ್ತು. ಗೊತ್ತಿದ್ದಷ್ಟನ್ನೇ ಬರೆಯಿರಿ. ಕೊನೆಗೆ ಆ ಭಾಗ ಹೀಗಾಯಿತು:

"ಮಾನ್ಯರೇ, ಕಷ್ಟಕಾಲದಲ್ಲಿ ಸಂಸ್ಥೆಯು ನಮ್ಮ ಕುಟುಂಬಗಳಿಗೆ ನೆರವಾದುದನ್ನು ನಾವು ಮರೆತಿಲ್ಲ. ಓಟಿ ಮಾಡಲು ನಮ್ಮ ತಕರಾರಿಲ್ಲ. ಆದರೆ ಓಟಿ ಮುಗಿಸಿ ಹೊರಬಂದವರಿಗೆ ಮುಂದಿನ ಪಾಳಿಗೆ ಮೊದಲು 12 ತಾಸು ಬಿಡುವು ಸಿಗಲೇಬೇಕು. ಕಳೆದ ನಾಲ್ಕು ವಾರಗಳ ವಿವರ ಲಗತ್ತಿಸಿದೆ. ಓಟಿ ದರದಲ್ಲಿ ತುಟ್ಟಿಭತ್ಯೆ ಸೇರಿಲ್ಲವೆಂದು ನಮ್ಮ ಲೆಕ್ಕದಿಂದ ಕಂಡುಬರುತ್ತದೆ; ಪರಿಶೀಲಿಸಿ 15 ದಿನಗಳೊಳಗೆ ಲಿಖಿತ ಉತ್ತರ ನೀಡಬೇಕೆಂದು ವಿನಂತಿ."

"ಸಿಗಲೇಬೇಕು" ಅನ್ನುವುದನ್ನು "ಸಿಕ್ಕರೆ ಉಪಕಾರವಾಗುತ್ತದೆ" ಮಾಡೋಣವೇ ಅಂತ ಬಸಪ್ಪ ಕೇಳಿದರು. ಹಣದ ಸಾಲಿನಲ್ಲಿ ವಿನಂತಿ ಇರಲಿ, ಬಿಡುವಿನ ಸಾಲಿನಲ್ಲಿ ಬೇಡ, ಲ್ಯಾಡಲ್ ನೆನಪಿರಲಿ ಅಂದೆ. ಆ ಪದ ಹಾಗೇ ಉಳಿಯಿತು. ಪಾಳಿಯ ಬಗ್ಗೆ ಇನ್ನೊಂದು ಸಾಲು ಸೇರಿಸಿದೆವು. ಅಲ್ಲಿ ವಾರದ ಸರದಿ ಹಿಂದಕ್ಕೆ ತಿರುಗುತ್ತಿತ್ತು: ರಾತ್ರಿ, ನಂತರ ಮಧ್ಯಾಹ್ನ, ನಂತರ ಬೆಳಗ್ಗೆ. ಬದಲಾಗುವ ದಿನ ಸೂಟಿ ರದ್ದಾದರೆ ರಾತ್ರಿ 10ಕ್ಕೆ ಬಿಟ್ಟವರು ಬೆಳಗ್ಗೆ 6ಕ್ಕೆ ನಿಲ್ಲಬೇಕು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಮುಂದಕ್ಕೆ ತಿರುಗಿಸಿದರೆ ಅದೇ ಬದಲಾವಣೆಗೆ 24 ತಾಸು ಸಿಗುತ್ತದೆ. ಮಲಗುವ ಹೊತ್ತನ್ನು ಹಿಂದಕ್ಕೆ ಎಳೆಯುವುದಕ್ಕಿಂತ ಮುಂದಕ್ಕೆ ತಳ್ಳುವುದನ್ನು ಮೈಯೂ ಸುಲಭವಾಗಿ ಒಪ್ಪುತ್ತದೆ. ಕಂಪನಿಗೆ ಇದರಿಂದ ಒಂದು ಪೈಸೆಯೂ ಖರ್ಚಿಲ್ಲ.

ಕಾರ್ಖಾನೆಗಳ ಇಲಾಖೆಗೆ ಪ್ರತಿ ಕಳಿಸುವುದು ಬೇಡ ಎಂದೆ, ಮೊದಲ ಪತ್ರದಲ್ಲಂತೂ ಬೇಡ. ಎರಡು ಪ್ರತಿ ಒಯ್ದು ಒಂದರ ಮೇಲೆ ತಾರೀಖು, ಶಿಕ್ಕಾ ಹಾಕಿಸಿಕೊಳ್ಳಿ. ಶಿಕ್ಕಾ ಕೊಡದಿದ್ದರೆ ವಾದ ಮಾಡದೆ ಸ್ಪೀಡ್ ಪೋಸ್ಟ್ ಮಾಡಿ.

ಎಂಟನೇ ದಿನ ಕರೆ ಬಂತು. ಹಿಂದಿನ ಸಂಜೆ ನಾನು ಮ್ಯಾನೇಜರ್ ಆಗಿ ಕುಂತು ತಾಲೀಮು ಮಾಡಿಸಿದ್ದೆ. "ಬಸಪ್ಪ, ನೀನೂ ಇವರ ಜೊತೆ ಬಂದೆಯಾ?" ಎಂದು ಕೇಳಿದೆ, ಮೂರು ಸಲವೂ ತಲೆ ತಗ್ಗಿಸಿದರು. ನಾಲ್ಕನೇ ಸಲ "ಹೌದ್ರಿ ಸಾಹೇಬ್ರ, ಲೆಕ್ಕ ನಾನ ಬರ್ದೀನಿ, ಅದಕ್ಕ ಬಂದೀನಿ" ಅಂದರು. ಮರುದಿನ ಮಾಲೀಕರು ಕೇಳಿದ್ದು ಹೆಚ್ಚುಕಡಿಮೆ ಅದೇ ಪ್ರಶ್ನೆ.

ಮಾಲೀಕರ ಕಷ್ಟವೂ ಸುಳ್ಳಲ್ಲ. ರಾತ್ರಿ ಹತ್ತರ ನಂತರ ಕರೆಂಟ್ ದರದಲ್ಲಿ ರಿಯಾಯಿತಿ. ಕರಗಿಸುವ ಕೆಲಸ ಹೆಚ್ಚು ನಡೆಯುವುದು ಆಗಲೇ, ರಿಲೀವರ್ ತಪ್ಪಿಸುವುದೂ ಆಗಲೇ. 12 ತಾಸು ಆಗದು, 10 ಕೊಡುತ್ತೇನೆ ಅಂದರಂತೆ. ಹುಡುಗರು ಮುಖ ಸಣ್ಣ ಮಾಡಿಕೊಂಡು ನನ್ನ ಹತ್ತಿರ ಬಂದರು. ಗೋಡೆ ಗಡಿಯಾರ ಇಳಿಸಿ ತೋರಿಸಿದೆ: ನಸುಕಿನ 2ಕ್ಕೆ ಹೊರಬಂದವನಿಗೆ 10 ತಾಸು ಅಂದರೆ ಮಧ್ಯಾಹ್ನ 12. ಆಗ ಶುರುವಾಗುವ ಪಾಳಿಯೇ ಇಲ್ಲ, ಮುಂದಿನದು 2ಕ್ಕೆ. ಬೆಳಗ್ಗೆ 10ಕ್ಕೆ ಬಿಟ್ಟವನಿಗೆ ರಾತ್ರಿ 8 ಆಗುತ್ತದೆ, ಪಾಳಿ 10ಕ್ಕೆ. ಸಂಜೆ 6ರದ್ದೂ ಹಾಗೆಯೇ. ಹತ್ತು ಅಂದರೂ ಸಿಗುವುದು ಹನ್ನೆರಡೇ. ಸಂಖ್ಯೆ ಅವರದಿರಲಿ ಅಂದೆ; ಒಪ್ಪಿ ಬರೆದುಕೊಟ್ಟರು.

ಸರದಿ ಎರಡು ತಿಂಗಳು ಪ್ರಯೋಗಕ್ಕೆ ಮುಂದಕ್ಕೆ ತಿರುಗಿದೆ. ವಾರದ ಪಟ್ಟಿ ಶನಿವಾರವೇ ಫಲಕಕ್ಕೆ ಬರುತ್ತಿದೆ. ಓಟಿ ದರ ಈ ತಿಂಗಳಿಂದ ಸರಿಯಾಗಿದೆ, ಹಿಂದಿನ ಬಾಕಿಯ ಬಗ್ಗೆ ಉತ್ತರವಿಲ್ಲ. ಅದಕ್ಕೆ ಎರಡನೇ ಪತ್ರದ ಕರಡು ಹಿಡಿದುಕೊಂಡು ಮೊನ್ನೆ ಬಸಪ್ಪ ಒಬ್ಬರೇ ಬಂದಿದ್ದರು. ಈ ಸಲ ಬರೆದದ್ದು ಅವರೇ. ತಿದ್ದಲು ಹೆಚ್ಚೇನೂ ಇರಲಿಲ್ಲ. ಮುಂಗಡದಲ್ಲಿ ಇನ್ನೆಷ್ಟು ತೀರಿಸುವುದಿದೆ ಎಂದು ಕೊನೆಗೆ ಒಂದು ಸಾಲು ಬರೆದಿದ್ದರು, ಅದನ್ನು ಹೊಡೆದು ಹಾಕಿ ವಾಪಸ್ಸು ಕೊಟ್ಟೆ.