ನಿಮ್ಮ ಪಿಡಿಎಫ್‌ನಲ್ಲಿ ಕನ್ನಡವೇ ಇಲ್ಲ

ಪ್ರಶ್ನೆ: ನಮ್ಮ ತಂದೆಯವರ ನೆನಪುಗಳ ಪುಸ್ತಕವನ್ನು 2006ರಲ್ಲಿ ಅಚ್ಚು ಹಾಕಿಸಿದ್ದೆವು. ಮುದ್ರಕರು ಕೊಟ್ಟ ಪಿಡಿಎಫ್ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಕ್ಯಾಲಿಬರ್ ತಂತ್ರಾಂಶದಲ್ಲಿ ಇಪಬ್ ಎಂಬ ಇ-ಪುಸ್ತಕ ಮಾಡಿ ಓದುವ ಸಾಧನಕ್ಕೆ ಹಾಕಿದರೆ ಬರೀ ವಿಚಿತ್ರ ಇಂಗ್ಲಿಷ್ ಅಕ್ಷರಗಳು. ಸಾಧನಕ್ಕೆ ಕನ್ನಡ ಫಾಂಟ್ ಹಾಕಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಯಾವ ಫಾಂಟ್ ಹಾಕಲಿ?
– ನಿವೃತ್ತ ಶಿಕ್ಷಕ, ಹಾವೇರಿ

ಉತ್ತರ: ಯಾವ ಫಾಂಟೂ ಬೇಡ, ಗುರುಗಳೇ. ಈ ಪ್ರಶ್ನೆ ನನಗೆ ತಿಂಗಳಿಗೆ ನಾಲ್ಕು ಬಾರಿಯಾದರೂ ಬರುತ್ತದೆ. ಫಾಂಟ್ ಹಾಕಿ ಎಂದು ಹೇಳುವವರೂ ಅಷ್ಟೇ ಜನ ಇರಬೇಕು. ನಿಮ್ಮ ಪಿಡಿಎಫ್‌ನಿಂದ ಒಂದು ಸಾಲನ್ನು ನಕಲಿಸಿ ನೋಟ್‌ಪ್ಯಾಡ್‌ಗೆ ಅಂಟಿಸಿ ನೋಡಿ. `PÀ£ÁðlPÀ` ಎಂಬಂಥದ್ದು ಕಂಡರೆ ಅದು "ಕರ್ನಾಟಕ". ಆ ಕಾಲದ ಡಿಟಿಪಿಯಲ್ಲಿ ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಕಡತದ ಒಳಗಿರುವುದು `P`, ತೆರೆಯ ಮೇಲೆ ಕಾಣುವುದು ತಲೆಕಟ್ಟಿಲ್ಲದ ಕ. ಪಿಡಿಎಫ್ ತನ್ನ ಫಾಂಟನ್ನು ಹೊಟ್ಟೆಯಲ್ಲೇ ಹೊತ್ತು ತರುವುದರಿಂದ ಅಲ್ಲಿ ಎಲ್ಲವೂ ಸರಿ ಕಾಣುತ್ತದೆ. ಇಪಬ್‌ಗೆ ಬರುವುದು ಪಠ್ಯ ಮಾತ್ರ, ಹಾಗಾಗಿ ವೇಷ ಕಳಚಿಬೀಳುತ್ತದೆ. ಸಾಧನಕ್ಕೆ ಅದೇ ಹಳೆಯ ಫಾಂಟನ್ನು ಹಾಕಿದರೆ ವೇಷ ಮರಳಿ ಬರಬಹುದು. ಆದರೆ "ಕರ್ನಾಟಕ" ಎಂದು ಹುಡುಕಿದರೆ ಪುಸ್ತಕದಲ್ಲಿ ಒಂದೂ ಸಿಗುವುದಿಲ್ಲ, ಇನ್ನೊಂದು ಸಾಧನದಲ್ಲಿ ತೆರೆದರೆ ಮತ್ತೆ ಅದೇ ಗೋಳು.

ಮೊದಲು ಮುದ್ರಕರ ಬಳಿ ಮೂಲ ಪೇಜ್‌ಮೇಕರ್ ಕಡತ ಇದೆಯೇ ಎಂದು ಕೇಳಿ. ಇದ್ದರೆ ಅರ್ಧ ಕೆಲಸ ಉಳಿಯಿತು. ಇಲ್ಲದಿದ್ದರೆ ಪಾಪ್ಲರ್ ಎಂಬ ಉಚಿತ ಸಲಕರಣೆಗಳ ಗಂಟಿನಲ್ಲಿರುವ `pdftotext` ಬೇಕು. ಅದನ್ನು ಹಾಕಿಕೊಳ್ಳುವುದು ಹೇಗೆಂದು ಇಲ್ಲಿ ಬರೆಯುವುದಿಲ್ಲ, ಮನೆಯಲ್ಲಿ ಯಾರಾದರೂ ಹುಡುಗರು ಇದ್ದೇ ಇರುತ್ತಾರೆ. ನಿಮ್ಮದು ಡೆಮಿ 1/8 ಅಳತೆಯ ಪುಸ್ತಕ ಎಂದಿಟ್ಟುಕೊಳ್ಳೋಣ. ಪುಟ 5.5 ಇಂಚು ಅಗಲ, 8.5 ಇಂಚು ಎತ್ತರ. ಇಂಚಿಗೆ 72 ಪಾಯಿಂಟಿನಂತೆ 396 ಮತ್ತು 612 ಆಯಿತು.

```
pdftotext -layout -nopgbrk -enc UTF-8 -x 0 -y 50 -W 396 -H 515 pustaka.pdf pustaka.txt
```

ಇದು ಪ್ರತಿ ಪುಟದ ಮೇಲಿನ 50 ಪಾಯಿಂಟನ್ನೂ ಕೆಳಗಿನ 47 ಪಾಯಿಂಟನ್ನೂ ಬಿಟ್ಟು ನಡುವಿನದ್ದನ್ನು ಮಾತ್ರ ತೆಗೆಯುತ್ತದೆ. ಪುಸ್ತಕದ ಹೆಸರಿರುವ ಮೇಲಿನ ಸಾಲು, ಪುಟಸಂಖ್ಯೆ ಎರಡೂ ಅಲ್ಲೇ ಉದುರಿಹೋಗುತ್ತವೆ. ಹೀಗೆ ಮಾಡದವರ ಇಪಬ್‌ನಲ್ಲಿ ವಾಕ್ಯದ ನಡುವೆ "47" ಎಂದು ಬಂದು ಕೂರುವುದನ್ನು ನೋಡಿದ್ದೀರಿ. ಮೊದಲ ಹತ್ತು ಪುಟ ತೆಗೆದು ನೋಡಿ. ಪುಟದ ಮೊದಲ ಸಾಲು ಕತ್ತರಿಸಿಹೋಗಿದ್ದರೆ 50ನ್ನು ಇಳಿಸಿ.

ಈಗ ಆ ಪಠ್ಯವನ್ನು ಯುನಿಕೋಡ್‌ಗೆ, ಅಂದರೆ ಕನ್ನಡದ ಅಕ್ಷರವನ್ನು ಕನ್ನಡವೆಂದೇ ಬರೆದಿಡುವ ಸಂಕೇತಕ್ಕೆ, ತಿರುಗಿಸಬೇಕು. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಯಾವುದು ಒಳ್ಳೆಯದು ಎಂದು ಕೇಳುವ ಬದಲು ಅರ್ಕಾವತ್ತಿನಿಂದ ಪರೀಕ್ಷಿಸಿ. ಹಳೆಯ ಫಾಂಟಿನಲ್ಲಿ ಅರ್ಕಾವತ್ತು, ಅಂದರೆ `ð`, ಕಣ್ಣಿಗೆ ಕಾಣುವ ಜಾಗದಲ್ಲಿ, "ನಾ" ಆದ ಮೇಲೆ ಬರುತ್ತದೆ. ಯುನಿಕೋಡ್‌ನಲ್ಲಿ ಉಚ್ಚಾರಣೆಯಂತೆ "ರ್" ಮೊದಲು ಬರಬೇಕು. ಪರಿವರ್ತಕ ಅದನ್ನು ಎತ್ತಿ ಹಿಂದಕ್ಕೆ ಇಡದಿದ್ದರೆ "ಕನಾರ್ಟಕ", "ಧಮರ್", "ಸೂಯರ್" ಹುಟ್ಟುತ್ತವೆ. ತಿರುಗಿಸಿದ ಕಡತದಲ್ಲಿ "ಕನಾರ್ಟಕ" ಎಂದು ಹುಡುಕಿ. ಸಿಕ್ಕರೆ ಕೈಯಿಂದ ತಿದ್ದುತ್ತ ಕೂರಬೇಡಿ, ಪರಿವರ್ತಕವನ್ನೇ ಬದಲಿಸಿ.

ಇನ್ನೊಂದು ತೊಡಕಿದೆ. ಪುಸ್ತಕದಲ್ಲಿ ಅಲ್ಲಲ್ಲಿ ನಿಜವಾದ ಇಂಗ್ಲಿಷ್ ಪದಗಳೂ ಇರುತ್ತವೆ. ಬರೀ ಪಠ್ಯವಾಗಿ ತೆಗೆದಾಗ ಯಾವ ಅಕ್ಷರ ಯಾವ ಫಾಂಟಿನದು ಎಂಬ ಗುರುತು ಹೋಗಿಬಿಡುತ್ತದೆ. ತಂದೆಯವರು ಓದಿದ ಕಾಲೇಜಿನ ಇಂಗ್ಲಿಷ್ ಹೆಸರನ್ನೂ ಪರಿವರ್ತಕ ಕನ್ನಡದ ತುಂಡು ಎಂದೇ ತಿಳಿದು ಅರ್ಥವಿಲ್ಲದ ಅಕ್ಷರ ಕಕ್ಕುತ್ತದೆ. ಪಿಡಿಎಫ್ ಪಕ್ಕದಲ್ಲಿಟ್ಟುಕೊಂಡು ಇವನ್ನು ಕಣ್ಣಿನಿಂದಲೇ ಹಿಡಿಯಬೇಕು. "ರಾಜ್‌ಕುಮಾರ್" ಎಂಬುದು "ರಾಜ್ಕುಮಾರ್" ಆಗಿರುವುದನ್ನೂ ಆಗಲೇ ತಿದ್ದಿಕೊಳ್ಳಿ.

ಇನ್ನು ಸಾಲುಗಳನ್ನು ಬೆಸೆಯುವ ಕೆಲಸ. ಸಣ್ಣ ಪರದೆಯಲ್ಲಿ ಪಠ್ಯ ಹರಿಯುತ್ತದೆಯೋ ಇಲ್ಲವೋ ಎಂಬುದು ಇಲ್ಲಿ ತೀರ್ಮಾನವಾಗುತ್ತದೆ. ಪಿಡಿಎಫ್‌ಗೆ ಪ್ಯಾರಾ ಎಂದರೆ ಏನೆಂದೇ ತಿಳಿಯದು. ಈ ಅಕ್ಷರವನ್ನು ಈ ಜಾಗದಲ್ಲಿ ಇಡು ಎಂಬುದಷ್ಟೇ ಅದಕ್ಕೆ ಗೊತ್ತು. ಅಚ್ಚಿನ ಪ್ರತಿ ಸಾಲೂ ಒಂದೊಂದು ಪ್ಯಾರಾ ಆಗಿ ಬರುವುದು ಅದಕ್ಕೇ. `-layout` ಹಾಕಿದ್ದರಿಂದ ಪ್ಯಾರಾದ ಮೊದಲ ಸಾಲು ಉಳಿದವುಗಳಿಗಿಂತ ಕೆಲವು ಖಾಲಿ ಜಾಗ ಬಲಕ್ಕೆ ಸರಿದಿರುತ್ತದೆ. ಆ ಸುಳಿವು ಸಾಕು. ಖಾಲಿ ಸಾಲುಗಳನ್ನು ಅಳಿಸಿ, ನೋಟ್‌ಪ್ಯಾಡ್++ನಲ್ಲಿ `Regular expression` ಆರಿಸಿ ಇದನ್ನು ಹುಡುಕಿ, ಬದಲಿಗೆ ಒಂದು ಖಾಲಿ ಜಾಗ ಕೊಡಿ:

```
\R(?!\s)
```

ಖಾಲಿ ಜಾಗದಿಂದ ಶುರುವಾಗದ ಸಾಲುಗಳೆಲ್ಲ ಹಿಂದಿನ ಸಾಲಿಗೆ ಅಂಟಿಕೊಳ್ಳುತ್ತವೆ. ಅಧ್ಯಾಯದ ಹೆಸರು ನಡುವಿನಲ್ಲಿ ಅಚ್ಚಾಗಿದ್ದರೆ ಅದೂ ಉಳಿದುಕೊಳ್ಳುತ್ತದೆ. ಪುಸ್ತಕದಲ್ಲಿ ಪದ್ಯಗಳಿದ್ದರೆ ಅವನ್ನು ಮೊದಲೇ ಬೇರೆ ಕಡತಕ್ಕೆ ಎತ್ತಿಡಿ. ಇಲ್ಲದಿದ್ದರೆ ಷಟ್ಪದಿಯ ಆರು ಸಾಲು ಒಂದೇ ಗದ್ಯವಾಗುತ್ತದೆ.

ಇದಕ್ಕೂ ಮೊದಲು, ಸಾಲಿನ ಕೊನೆಯಲ್ಲಿ ಪದ ಮುರಿದ ಅಡ್ಡಗೆರೆಗಳನ್ನು ತೆಗೆಯಬೇಕು. `-\R` ಎಂದು ಹುಡುಕಿ, ಆದರೆ ಎಲ್ಲವನ್ನೂ ಒಮ್ಮೆಲೇ ಬದಲಿಸಬೇಡಿ. ನಾನು ಒಮ್ಮೆ ಆತುರಪಟ್ಟು ಬದಲಿಸಿ, ಅವಳಿ ನಗರದ ಬಗ್ಗೆ ಬರೆದ ಇಡೀ ಪುಸ್ತಕದಲ್ಲಿ ಅಲ್ಲಲ್ಲಿ "ಹುಬ್ಬಳ್ಳಿಧಾರವಾಡ" ಮಾಡಿಟ್ಟಿದ್ದೆ. ಲೇಖಕರು ಧಾರವಾಡದವರು, ಮುಂದಿನದ್ದನ್ನು ಹೇಳಬೇಕಿಲ್ಲ. ಒಂದೊಂದಾಗಿ ನೋಡಿ. ಇನ್ನೂರು ಪುಟಕ್ಕೆ ಒಂದು ಸಂಜೆ ಸಾಕು.

ಉಳಿದದ್ದು ಸುಲಭ. ಪಠ್ಯವನ್ನು ಲಿಬ್ರೆ ಆಫೀಸ್ ರೈಟರ್‌ಗೆ ಹಾಕಿ, ಅಧ್ಯಾಯದ ಹೆಸರುಗಳಿಗೆ `Heading 1` ಕೊಟ್ಟು, `.docx` ಆಗಿ ಉಳಿಸಿ. ಕ್ಯಾಲಿಬರ್‌ಗೆ ಪಿಡಿಎಫ್ ಬದಲು ಆ ಕಡತವನ್ನು ಕೊಡಿ. ಕ್ಯಾಲಿಬರ್ ಕೆಟ್ಟದ್ದಲ್ಲ, ನೀವು ಅದಕ್ಕೆ ಕೊಟ್ಟದ್ದು ಕೆಟ್ಟದ್ದು.

ಪ್ರಶ್ನೆ: ಗದಗಿನಲ್ಲಿ ಒಬ್ಬರು ಪುಟಕ್ಕೆ ಇಷ್ಟು ಎಂದು ಹಣ ಪಡೆದು ಸ್ಕ್ಯಾನ್ ಮಾಡಿದ ಹಳೆಯ ಪುಸ್ತಕವನ್ನು ಇಪಬ್ ಮಾಡಿಕೊಟ್ಟರು. ಅಕ್ಷರ ದೊಡ್ಡದು ಮಾಡಲು ಆಗುತ್ತಿಲ್ಲ.

ಉತ್ತರ: ನಿಮಗೆ ಮೋಸವಾಗಿದೆ. ಪುಟದ ಫೋಟೊಗಳನ್ನು ಇಪಬ್ ಎಂಬ ಡಬ್ಬಿಗೆ ತುಂಬಿ ಕೊಟ್ಟಿದ್ದಾರೆ. ಅಕ್ಷರದ ಅಳತೆ ಬದಲಿಸಿದಾಗ ಸಾಲುಗಳು ಮರುಜೋಡಣೆ ಆಗದಿದ್ದರೆ ಅದು ಚಿತ್ರವೇ. ದುಡ್ಡು ಕೊಡುವ ಮೊದಲು ಈ ಪರೀಕ್ಷೆ ಮಾಡಿ. ಸ್ಕ್ಯಾನ್ ಪುಟಗಳಿಂದ ಅಕ್ಷರ ಗುರುತಿಸಲು ಟೆಸರಾಕ್ಟ್ ಇದೆ. ಪುಟಗಳು 300 ಡಿಪಿಐ ಇರಲಿ:

```
tesseract puta.png puta -l kan
```

ಬಂದದ್ದನ್ನು ಪುಟಪುಟ ಕರಡು ತಿದ್ದಲೇಬೇಕು. ಮಾಸಿದ ಅಚ್ಚಿನಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಅದಲುಬದಲಾಗುತ್ತವೆ. ತಿದ್ದದೆ ಕೊಡುವವರಿಗೆ ಹಣ ಕೊಡಬೇಡಿ.

ಪ್ರಶ್ನೆ: ಕಡತದ ಹೆಸರಿನ ಕೊನೆಗೆ `.pdf` ಇರುವುದನ್ನು `.epub` ಎಂದು ಬದಲಿಸಿದರೆ ಆಗುವುದಿಲ್ಲವೇ?

ಉತ್ತರ: ಇಲ್ಲ.

ಪ್ರಶ್ನೆ: ಒಂದೇ ನಿಮಿಷದಲ್ಲಿ ಉಚಿತವಾಗಿ ಪರಿವರ್ತಿಸುವ ಜಾಲತಾಣಗಳನ್ನು ಬಳಸಬಹುದೇ?

ಉತ್ತರ: ಇನ್ನೂ ಅಚ್ಚಾಗದ ಹಸ್ತಪ್ರತಿಯನ್ನು ಮುಖ ಗೊತ್ತಿಲ್ಲದವರ ಕೈಗೆ ಕೊಡುವಷ್ಟು ಧೈರ್ಯವಿದ್ದರೆ ಬಳಸಿ. `PÀ£ÁðlPÀ` ಅಲ್ಲಿಯೂ ಹಾಗೆಯೇ ಬರುತ್ತದೆ.

ಪ್ರಶ್ನೆ: ಪಂಚಾಂಗದ ಪಿಡಿಎಫ್ ಅನ್ನು ಮೊಬೈಲಿನಲ್ಲಿ ಹರಿಯುವಂತೆ ಮಾಡುವುದು ಹೇಗೆ?

ಉತ್ತರ: ತುಂಬ ಕೋಷ್ಟಕಗಳು, ಅದಕ್ಕೆ ಕೈ ಹಾಕಬೇಡಿ. ಮೊಬೈಲನ್ನು ಅಡ್ಡ ಹಿಡಿದು ಓದಿ.